11 ದಿನ, 15 ಶಾಟ್: ಯಾವುದನ್ನು ಬಿಡುವುದು, ಯಾವುದನ್ನು ಮತ್ತೆ ಬಳಸುವುದು, ಯಾವುದನ್ನು ಸರಳ ಮಾಡುವುದು

ಬ್ಯಾಡಗಿ ಮೆಣಸಿನಕಾಯಿ ಹೊಲದಿಂದ ಅಡುಗೆಮನೆಗೆ ಬರುವ ಕಥೆಯನ್ನು 2 ನಿಮಿಷದ ಅನಿಮೇಷನ್ ಮಾಡಿಕೊಡಿ ಎಂದು ಹುಬ್ಬಳ್ಳಿಯ ಮಸಾಲೆ ವ್ಯಾಪಾರಿಯೊಬ್ಬರು ನಮಗೆ ಕೆಲಸ ಕೊಟ್ಟಿದ್ದರು. ಹೊಸ ಅಂಗಡಿಯ ಪೂಜೆಯ ದಿನ ಅದು ದೊಡ್ಡ ಪರದೆಯ ಮೇಲೆ ಓಡಬೇಕಿತ್ತು. ಪೂಜೆ ಗಣೇಶ ಚೌತಿಯ ಹೊತ್ತಿಗೆ ಎಂದು ಮಾತಾಗಿತ್ತು. ಆಮೇಲೆ ಅವರ ಮನೆಯ ಹಿರಿಯರು ಪಂಚಾಂಗ ನೋಡಿ, ಶ್ರಾವಣದಲ್ಲೇ ಮುಗಿಸೋಣ ಎಂದರು. ಕೈಯಲ್ಲಿದ್ದ 20 ದಿನ ಒಂದು ಫೋನ್ ಕರೆಯಲ್ಲಿ 11 ಆಯಿತು.

ನಾವು ಮೂವರು. ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಕೆಲಸ. ಒಟ್ಟು 26 ಶಾಟ್‌ಗಳಲ್ಲಿ 11 ಮುಗಿದಿದ್ದವು, 15 ಬಾಕಿ ಇದ್ದವು. ಇಂಥ ಹೊತ್ತಲ್ಲಿ ಮುಂದೆ ಮೂರೇ ದಾರಿ ಇರುತ್ತವೆ. ಶಾಟ್ ಬಿಟ್ಟುಬಿಡುವುದು, ಮೊದಲೇ ಮಾಡಿದ್ದನ್ನು ಮತ್ತೆ ಬಳಸುವುದು, ಅಥವಾ ಶಾಟನ್ನು ಸರಳ ಮಾಡುವುದು. ಬಹಳ ಜನ ಮೊದಲು ಹಿಡಿಯುವುದು ಮೂರನೆಯದನ್ನು. ಎಲ್ಲ ಶಾಟ್ ಇರಲಿ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋಣ ಅಂತ. ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲು ಬಿಡುವುದನ್ನು ನೋಡಿ, ಆಮೇಲೆ ಮತ್ತೆ ಬಳಸುವುದನ್ನು, ಕೊನೆಗೆ ಸರಳ ಮಾಡುವುದನ್ನು. ಯಾಕೆ ಅನ್ನುವುದನ್ನು ಇದೇ ಕೆಲಸದ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಆಳಿನ ಲೆಕ್ಕ

ಹೊಲದ ಕೆಲಸಕ್ಕೆ ನಮ್ಮ ಕಡೆ ಎಷ್ಟು ಆಳು ಬೇಕು ಎಂದು ಕೇಳುತ್ತಾರೆ. ಶಾಟ್‌ಗೂ ಅದೇ ಲೆಕ್ಕ ಸರಿಹೋಗುತ್ತದೆ. ಒಬ್ಬರು ಒಂದು ದಿನ ಮಾಡುವ ಕೆಲಸ ಒಂದು ಆಳು. ನಮಗೆ 11 ದಿನ ಇತ್ತು. ಕೊನೆಯ 2 ದಿನವನ್ನು ಧ್ವನಿ, ಎಡಿಟಿಂಗ್ ಮತ್ತು ತಪ್ಪು ತಿದ್ದುವುದಕ್ಕೆ ಎತ್ತಿಟ್ಟೆವು. ಉಳಿದ 9 ದಿನ, ಮೂವರು, ಅಂದರೆ 27 ಆಳು. ಬಾಕಿ ಇದ್ದ 15 ಶಾಟ್‌ಗಳಿಗೆ ಕೂಡಿಸಿದಾಗ ಬಂದದ್ದು 41. ಅಂದರೆ ಕನಿಷ್ಠ 14 ಆಳಿನ ಕೆಲಸ ಕಡಿಮೆ ಆಗಲೇಬೇಕು.

ಇಲ್ಲಿ ಒಂದು ಮಾತು. ಪ್ರತಿ ಶಾಟ್ ಮುಂದೆ ಬರೆಯಬೇಕಾದದ್ದು ಇನ್ನು ಎಷ್ಟು ಕೆಲಸ ಉಳಿದಿದೆ ಅನ್ನುವುದು ಮಾತ್ರ. ಇಲ್ಲಿಯವರೆಗೆ ಎಷ್ಟು ಕಷ್ಟಪಟ್ಟಿದ್ದೇವೆ ಅನ್ನುವುದಕ್ಕೆ ಆ ಹಾಳೆಯಲ್ಲಿ ಜಾಗ ಕೊಡಬಾರದು. ನಮ್ಮ 14ನೇ ಶಾಟ್‌ನಲ್ಲಿ ಚೀಲ ತುಂಬಿದ ಲಾರಿ ಸಂಜೆ ಹೊತ್ತಲ್ಲಿ ಧೂಳೆಬ್ಬಿಸುತ್ತ ಹೋಗುತ್ತಿತ್ತು. ಅದರ ಧೂಳಿನ ಸಿಮ್ಯುಲೇಷನ್‌ಗೆ ಆಗಲೇ 4 ದಿನ ಕೊಟ್ಟಿದ್ದೆವು, ಇನ್ನೂ ಮೂರೂವರೆ ಆಳು ಬೇಕಿತ್ತು. 23ನೇ ಶಾಟ್‌ನಲ್ಲಿ ಈ ಕಾಯಿಗೆ 2011ರಲ್ಲಿ ಜಿಐ ಗುರುತು ಸಿಕ್ಕಿದ ವಿಷಯ ಅಕ್ಷರಗಳಲ್ಲಿ ಬರುತ್ತಿತ್ತು. ಕಥೆಗೆ ಅದು ಬೇಕೇ ಬೇಕು ಅಂತೇನಿಲ್ಲ. ಆದರೆ ಅರ್ಧ ಆಳಿನ ಕೆಲಸ ಮಾತ್ರ ಬಾಕಿ. 4 ದಿನ ದುಡಿದ ಲಾರಿ ಹೋಯಿತು, ಅರ್ಧ ದಿನದ ಅಕ್ಷರಗಳು ಉಳಿದವು. ಲಾರಿಯ ಧೂಳು ಮಾಡಿದ ಹುಡುಗ ಅವತ್ತು ಬಹಳ ಹೊತ್ತು ಮಾತಾಡಲಿಲ್ಲ. ಆದರೂ ಲೆಕ್ಕ ಅದೇ.

ಇನ್ನೊಂದು ಲೆಕ್ಕ ಯಂತ್ರದ್ದು. ರೆಂಡರ್ ಅಂದರೆ ಮಾಡಿಟ್ಟ ದೃಶ್ಯದಿಂದ ಒಂದೊಂದೇ ಫ್ರೇಮಿನ ಅಂತಿಮ ಚಿತ್ರ ತೆಗೆಯುವುದು. ಅದನ್ನು ಮಾಡಬಲ್ಲ ಕಂಪ್ಯೂಟರ್ ನಮ್ಮಲ್ಲಿ ಒಂದೇ. ಹಗಲು ಅದರಲ್ಲೇ ಕೆಲಸ, ರಾತ್ರಿ 10 ಗಂಟೆ ರೆಂಡರ್. 9 ರಾತ್ರಿಗೆ 90 ಗಂಟೆ. ಬಾಕಿ ಇದ್ದ ಶಾಟ್‌ಗಳು 68 ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್‌ನಂತೆ 1632 ಫ್ರೇಮ್. ಒಂದು ಫ್ರೇಮಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಒಂದೇ ಫ್ರೇಮ್ ನೋಡಿದರೆ ಮೋಸ ಹೋಗುತ್ತೀರಿ. ಕ್ಯಾಮೆರಾ ಹತ್ತಿರ ಬಂದಾಗ ಸಮಯ ಏರುತ್ತದೆ. ಶಾಟ್‌ನ ಉದ್ದಕ್ಕೂ 24 ಫ್ರೇಮಿಗೊಂದರಂತೆ ರೆಂಡರ್ ಮಾಡಿ ನೋಡಿ:

```
blender -b shot_20.blend -s 1 -e 144 -j 24 -a
```

ಇದರಿಂದ 144 ಫ್ರೇಮ್‌ಗಳ ಶಾಟ್‌ನಲ್ಲಿ 6 ಫ್ರೇಮ್ ಸಿಗುತ್ತವೆ. ಅವುಗಳ ಸರಾಸರಿ ತೆಗೆದು 144ರಿಂದ ಗುಣಿಸಿದರೆ ನಿಜಕ್ಕೆ ಹತ್ತಿರದ ಲೆಕ್ಕ ಬರುತ್ತದೆ. ನಮ್ಮಲ್ಲಿ ಬಹಳಷ್ಟು ಶಾಟ್‌ಗಳಿಗೆ ಫ್ರೇಮಿಗೆ 3 ನಿಮಿಷ ಬಂತು, ಈ 20ನೇ ಶಾಟ್‌ಗೆ 9 ನಿಮಿಷ. ಎಲ್ಲ ಸೇರಿ ಸರಾಸರಿ 4 ನಿಮಿಷ. 1632 ಫ್ರೇಮಿಗೆ ಸುಮಾರು 109 ಗಂಟೆ. ಇರುವುದು 90. ಆಳಿನ ಲೆಕ್ಕದಲ್ಲೂ ಕೊರತೆ, ಗಂಟೆಯ ಲೆಕ್ಕದಲ್ಲೂ ಕೊರತೆ. ಇವೆರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಕೆಲವು ಕಡಿತಗಳು ಆಳನ್ನು ಉಳಿಸುತ್ತವೆ, ಕೆಲವು ಬರೀ ಗಂಟೆಯನ್ನು.

ಬಿಡುವುದಾದರೆ ಒಂದೊಂದೇ ಶಾಟ್ ನೋಡಬೇಡಿ

ಶಾಟ್ ಬಿಟ್ಟರೆ ಅದರ ಅನಿಮೇಷನ್, ಲೈಟಿಂಗ್, ರೆಂಡರ್, ಕಂಪೋಸಿಟಿಂಗ್, ಅದರ ಸದ್ದು ಎಲ್ಲವೂ ಒಟ್ಟಿಗೆ ಉಳಿಯುತ್ತದೆ. ಇಷ್ಟು ಉಳಿಸಿಕೊಡುವ ದಾರಿ ಬೇರೆ ಇಲ್ಲ. ಅದಕ್ಕೇ ಇದನ್ನು ಮೊದಲು ನೋಡಿ ಅಂದದ್ದು.

ಆದರೆ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಶಾಟ್ ನೋಡುತ್ತ ಹೋದರೆ ದೊಡ್ಡ ಉಳಿತಾಯ ಕಣ್ಣಿಗೇ ಬೀಳುವುದಿಲ್ಲ. ನಮ್ಮ 16, 17, 18ನೇ ಶಾಟ್‌ಗಳು ಬ್ಯಾಡಗಿ ಮಾರುಕಟ್ಟೆಯವು. ಚೀಲ, ರಾಶಿ, ಅದರ ನಡುವೆ ಓಡಾಡುವ ಜನ. ಶಾಟ್‌ಗಳ ಸ್ವಂತ ಕೆಲಸ 2, ಒಂದೂವರೆ, 2 ಆಳು. ನೋಡಿದರೆ ಇವು ಅಂಥ ದುಬಾರಿಯಲ್ಲ ಅನ್ನಿಸುತ್ತದೆ. ದುಬಾರಿಯಾಗಿದ್ದದ್ದು ಅವುಗಳ ಹಿಂದಿದ್ದ ತಯಾರಿ. ಎಂಟು ಹತ್ತು ಜನರ ಮಾಡೆಲ್, ಧೋತರ, ರುಮಾಲು, ಸೀರೆ, ಪ್ರತಿಯೊಬ್ಬರನ್ನೂ ಅಲುಗಿಸಲು ಬೇಕಾದ ಎಲುಬುಗೂಡು ಅಂದರೆ ರಿಗ್, ನಡಿಗೆ. ಅದಕ್ಕೇ 5 ಆಳು ಬೇಕಿತ್ತು. ಮೂರೂ ಶಾಟ್‌ಗೆ ಅದು ಒಂದೇ ತಯಾರಿ. ಅಲ್ಲಿ ಎರಡು ಶಾಟ್ ಬಿಟ್ಟು ಒಂದು ಉಳಿಸಿದ್ದರೆ ಹೆಚ್ಚೆಂದರೆ 4 ಆಳು ಉಳಿಯುತ್ತಿತ್ತು. ಮೂರನ್ನೂ ಬಿಟ್ಟರೆ ಹತ್ತೂವರೆ.

ಆದ್ದರಿಂದ ಹಾಳೆಯಲ್ಲಿ ಶಾಟ್‌ಗಳ ಪಕ್ಕದಲ್ಲೇ ಇನ್ನೂ ತಯಾರಾಗದ ಪಾತ್ರ, ಜಾಗ, ಸಿಮ್ಯುಲೇಷನ್‌ಗಳನ್ನು ಬರೆಯಿರಿ. ಯಾವುದು ಯಾವ ಶಾಟ್‌ಗೆ ಬೇಕು ಎಂದು ಗೆರೆ ಎಳೆಯಿರಿ. ಒಂದು ಗುಂಪಿನಲ್ಲಿ ಎಲ್ಲವೂ ಹೋಗಬೇಕು, ಇಲ್ಲವೇ ಎಲ್ಲವೂ ಇರಬೇಕು. ನಡುವೆ ನಿಂತರೆ ತಯಾರಿಯ ಖರ್ಚೂ ಆಯಿತು, ಪರದೆಯ ಮೇಲೆ ಕಾಣುವುದೂ ಕಡಿಮೆಯಾಯಿತು.

ಹಾಗಂತ ಮಾರುಕಟ್ಟೆಯೇ ಇಲ್ಲದ ಬ್ಯಾಡಗಿ ಕಥೆ ಹೇಳಲು ಆಗುವುದಿಲ್ಲ ಅಲ್ವಾ? 9ನೇ ಶಾಟ್‌ಗೆ ಮಾಡಿದ್ದ ಮೆಣಸಿನಕಾಯಿ ರಾಶಿ ತಯಾರಿತ್ತು. ಅದನ್ನೇ ತಂದು 7 ಸೆಕೆಂಡಿನ ಒಂದು ಹೊಸ ಶಾಟ್ ಮಾಡಿದೆವು. ರಾಶಿ ತುಂಬ ಹತ್ತಿರದಿಂದ. ಒಂದು ಕೈ ಬಂದು ಬೊಗಸೆ ತುಂಬ ಕಾಯಿ ಎತ್ತಿ ಮತ್ತೆ ಸುರಿಯುತ್ತದೆ. ಹಿಂದೆ ಎರಡು ನೆರಳು ಹಾದುಹೋಗುತ್ತವೆ. ಉಳಿದದ್ದೆಲ್ಲ ಸದ್ದು. ಹಮಾಲರ ಕೂಗು, ಚೀಲ ಬೀಳುವ ದಪ್ಪನೆ ಸಪ್ಪಳ, ಯಾರೋ ಕೆಮ್ಮುವುದು. ಮಾರುಕಟ್ಟೆಗೆ ಹೋದವರಿಗೆ ಆ ಕೆಮ್ಮೇ ಸಾಕು. ಇದಕ್ಕೆ ಹಿಡಿದದ್ದು ಒಂದೂವರೆ ಆಳು, ಅಂದರೆ ನಿಜವಾದ ಉಳಿತಾಯ 9. ಬಿಟ್ಟ ಶಾಟ್‌ನ ಜಾಗ ತುಂಬುವ ಕೆಲಸವನ್ನು ಕಳೆದು ಆಮೇಲೆ ಉಳಿತಾಯ ಬರೆಯಬೇಕು. ಇದನ್ನು ಮರೆತು ಮೂರನೇ ದಿನ ಪರದಾಡುವವರನ್ನು ಬಹಳ ನೋಡಿದ್ದೇನೆ.

ಬಿಟ್ಟದ್ದು ಸರಿಯೋ ತಪ್ಪೋ ಎಂದು ತಿಳಿಯಲು ಒಂದೇ ಪರೀಕ್ಷೆ. ಅನಿಮ್ಯಾಟಿಕ್ ಅಂದರೆ ಕಚ್ಚಾ ಚಿತ್ರಗಳನ್ನು ಜೋಡಿಸಿ ಮಾಡಿದ ಇಡೀ ಚಿತ್ರದ ಕರಡು. ಅದನ್ನು ತೆಗೆದುಕೊಂಡು, ಆ ಶಾಟ್‌ಗಳನ್ನು ಕಿತ್ತು, ಧ್ವನಿಯ ಜೊತೆ ಮೊದಲಿಂದ ಕೊನೆವರೆಗೆ ಓಡಿಸಿ. ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ. ನಾವು ಕೂರಿಸಿದ್ದು ಕೆಳಗಿನ ಮನೆಯ ಅಜ್ಜಿಯನ್ನು. ಅವರ ತವರು ಹಾವೇರಿ ಕಡೆ. ಲಾರಿ ಇಲ್ಲದ ಚಿತ್ರ ನೋಡಿ ಅವರು ಕೇಳಿದ್ದು ಇಷ್ಟೇ: “ಕಣದಾಗಿನ ಕಾಯಿ ಪ್ಯಾಟಿಗೆ ಹೆಂಗ ಬಂತೋ ತಮ್ಮಾ?”

ಅಂದರೆ ಲಾರಿ ಒಂದು ಕೆಲಸ ಮಾಡುತ್ತಿತ್ತು. ಜಾಗ ಬದಲಾಯಿತು ಎಂದು ಹೇಳುತ್ತಿತ್ತು. ಅಷ್ಟು ಹೇಳಲು ಧೂಳು ಬೇಕಿಲ್ಲ. 13ನೇ ಶಾಟ್‌ನಲ್ಲಿ ಚೀಲದ ಬಾಯಿ ಹೊಲಿಯುವುದು ಇತ್ತು. ಅದರ ಕೊನೆಯ ಒಂದು ಸೆಕೆಂಡಿನ ಮೇಲೆ ಲಾರಿ ಸ್ಟಾರ್ಟ್ ಆಗುವ ಸದ್ದು ಹಾಕಿ, ಚೀಲ ಸ್ವಲ್ಪ ಅಲುಗಿ ಚೌಕಟ್ಟಿನಿಂದ ಆಚೆ ಸರಿಯುವಂತೆ ಮಾಡಿದೆವು. ಅರ್ಧ ಆಳು. ಎರಡನೇ ಸಲ ತೋರಿಸಿದಾಗ ಅಜ್ಜಿ ಆ ಪ್ರಶ್ನೆ ಕೇಳಲಿಲ್ಲ. ಲಾರಿಯಿಂದ ಉಳಿದದ್ದು 3 ಆಳು.

ಬಿಡಬಾರದ ಶಾಟ್ ಕೂಡ ಹೀಗೇ ಸಿಗುತ್ತದೆ. 20ನೇ ಶಾಟ್‌ನಲ್ಲಿ ವಯಸ್ಸಾದ ಹೆಂಗಸಿನ ಕೈಗಳು ಒಣಗಿದ ಕಾಯಿಯ ತೊಟ್ಟು ಮುರಿಯುತ್ತವೆ. 4 ಆಳು, ಜೊತೆಗೆ ಫ್ರೇಮಿಗೆ 9 ನಿಮಿಷ. ಖರ್ಚಿನ ಪಟ್ಟಿಯಲ್ಲಿ ಒಂದೇ ಶಾಟ್ ಎಂದು ನೋಡಿದರೆ ಅದೇ ಎಲ್ಲಕ್ಕಿಂತ ಮೇಲೆ. ಆದರೆ ಅನಿಮ್ಯಾಟಿಕ್‌ನಲ್ಲಿ ಅದನ್ನು ಕಿತ್ತಾಗ ಚಿತ್ರದಲ್ಲಿ ದುಡಿಯುವ ಮನುಷ್ಯರೇ ಕಾಣದಾದರು. ಅದರ ಮೇಲೆ ಕೈ ಹಾಕಬಾರದು ಎಂದು ಅಲ್ಲೇ ತೀರ್ಮಾನವಾಯಿತು. ಬೇರೆ ಕಡೆ ಉಳಿಸಿದ್ದು ಈ ಶಾಟ್‌ಗಾಗಿಯೇ.

ಮತ್ತೆ ಬಳಸುವುದರಲ್ಲಿ ಎರಡು ಬಗೆ

ಚಿತ್ರವನ್ನೇ ಮತ್ತೆ ಬಳಸಬಹುದು, ಅಥವಾ ಚಲನೆಯನ್ನು ಮಾತ್ರ ಮತ್ತೆ ಬಳಸಬಹುದು. ಇವೆರಡೂ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ರೆಂಡರ್ ಆದ ಫ್ರೇಮ್‌ಗಳನ್ನೇ ಇನ್ನೊಂದು ಜಾಗದಲ್ಲಿ ಹಾಕಿದರೆ ಆಳೂ ಉಳಿಯಿತು, ಗಂಟೆಯೂ ಉಳಿಯಿತು. ಆದರೆ 2 ನಿಮಿಷದ ಚಿತ್ರದಲ್ಲಿ ನೋಡುವವರಿಗೆ ನೆನಪಿರುತ್ತದೆ. ಮುಖ ಇರುವ ಶಾಟ್ ಆದರಂತೂ ತಕ್ಷಣ ಸಿಕ್ಕಿಬೀಳುತ್ತದೆ. ಆಕಾಶ, ಹೊಲ, ಮನೆಯ ಹೊರಗೋಡೆ ಇಂಥವಕ್ಕೆ ಮಾತ್ರ ಇದು ಒಗ್ಗುತ್ತದೆ. ಗೊತ್ತಾಗದಿರಲಿ ಎಂದು ಎಡ ಬಲ ತಿರುಗಿಸುವುದು ಹಳೆಯ ಅಭ್ಯಾಸ. ತಿರುಗಿಸಿದ ಮೇಲೆ ಮೂರು ಕಡೆ ಕಣ್ಣಿಡಿ. ಚೀಲದ ಮೇಲಿನ ಅಕ್ಷರ ಉಲ್ಟಾ ಆಗುತ್ತದೆ. ಮೂಗುತಿ ಇನ್ನೊಂದು ಹೊಳ್ಳೆಗೆ ಹೋಗುತ್ತದೆ. ಪಕ್ಕದ ಶಾಟ್‌ನಲ್ಲಿ ಎಡದಿಂದ ಬೀಳುತ್ತಿದ್ದ ಬಿಸಿಲು ಇಲ್ಲಿ ಬಲದಿಂದ ಬೀಳುತ್ತದೆ. ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಚಲನೆಯನ್ನು ಮತ್ತೆ ಬಳಸಿದರೆ ಆಳು ಉಳಿಯುತ್ತದೆ, ರೆಂಡರ್ ಗಂಟೆ ಉಳಿಯುವುದಿಲ್ಲ. 22ನೇ ಶಾಟ್‌ನಲ್ಲಿ ಹುಡುಗಿ ಓಣಿಯಲ್ಲಿ ಮನೆಗೆ ಓಡಿಬರಬೇಕು. ಹೊಸದಾಗಿ ಮಾಡಿದರೆ 3 ಆಳು. 6ನೇ ಶಾಟ್‌ನಲ್ಲಿ ಅದೇ ಹುಡುಗಿ ಹೊಲದಲ್ಲಿ ಅಪ್ಪನ ಹಿಂದೆ ಓಡಿದ್ದಳು. ಆ ಓಟವನ್ನೇ ಇಲ್ಲಿಗೆ ತಂದೆವು. ಹೊಲಕ್ಕೆ ಹೋಗುವಾಗ ಪರದೆಯ ಮೇಲೆ ಎಡದಿಂದ ಬಲಕ್ಕೆ ಓಡಿದ್ದಳು. ಮನೆಗೆ ಬರುವಾಗ ಬಲದಿಂದ ಎಡಕ್ಕೆ ಬರಬೇಕು. ಅದಕ್ಕೆ ಚಿತ್ರ ತಿರುಗಿಸುವ ಅಗತ್ಯ ಬರಲಿಲ್ಲ. ಕ್ಯಾಮೆರಾವನ್ನು ಅವಳ ಇನ್ನೊಂದು ಬದಿಗೆ ಇಟ್ಟರೆ ಸಾಕು. ಆಗ ಅವಳ ಇನ್ನೊಂದು ಮಗ್ಗುಲು ಕಾಣುತ್ತದೆ, ಹಾಗಾಗಿ ಓಟ ಅದೇ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತೊಂದರೆ ಬಂದದ್ದು ನೆಲದಲ್ಲಿ. ಹೊಲದಲ್ಲಿ ಅವಳು ಒಂದು ಬದು ದಾಟುವಾಗ ಸಣ್ಣಗೆ ಜಿಗಿದಿದ್ದಳು. ಓಣಿ ಸಪಾಟು. ಕಾರಣವಿಲ್ಲದೆ ಹಾರಿದ ಹಾಗೆ ಕಂಡಿತು. ಆ ಜಿಗಿತ ತೆಗೆದುಹಾಕಲು ಹೋದರೆ ಅದರ ಹಿಂದೆ ಮುಂದೆ ಹೆಜ್ಜೆಗಳೆಲ್ಲ ಮತ್ತೆ ಕೂಡಿಸಬೇಕು, ಒಂದು ದಿನದ ಕೆಲಸ. ಬದಲಿಗೆ ಜಿಗಿಯುವ ಜಾಗದಲ್ಲಿ ಓಣಿಗೆ ಅಡ್ಡ ಒಂದು ಗಟಾರ ಇಟ್ಟೆವು. ಅರ್ಧ ಗಂಟೆಯಲ್ಲಿ ಮುಗಿಯಿತು, ಮೇಲಾಗಿ ಓಣಿ ಇನ್ನಷ್ಟು ನಮ್ಮೂರಿನ ಓಣಿಯಾಯಿತು. ಇನ್ನೊಂದು ಎಚ್ಚರ: ಹೊಸ ಶಾಟ್ ಚಿಕ್ಕದಿದೆ ಎಂದು ಅವಳು ಮುಂದೆ ಸರಿಯುವ ವೇಗ ಹೆಚ್ಚಿಸಿ, ಕಾಲಿನ ವೇಗ ಹಾಗೇ ಬಿಟ್ಟರೆ ಪಾದ ನೆಲದ ಮೇಲೆ ಜಾರುತ್ತದೆ. ಪಾದ ಊರಿದ ಒಂದು ಫ್ರೇಮಿನಲ್ಲಿ ಪರದೆಯ ಮೇಲೆ ಹೆಬ್ಬೆರಳಿನ ಜಾಗ ಗುರುತು ಮಾಡಿ, ಕ್ಯಾಮೆರಾ ಅಲುಗದಂತೆ ಇಟ್ಟು ಮುಂದಿನ ನಾಲ್ಕು ಫ್ರೇಮ್ ನೋಡಿದರೆ ಜಾರುವುದು ತಿಳಿಯುತ್ತದೆ. ಎಲ್ಲ ಮುಗಿದಾಗ ಹಿಡಿದದ್ದು 1 ಆಳು. ಉಳಿದದ್ದು 2.

ಸರಳ ಮಾಡುವುದನ್ನು ಯಾಕೆ ಕೊನೆಗೆ ಇಟ್ಟೆ

ಸರಳ ಮಾಡುವುದು ಅಂದರೆ ಕೆಲಸ ಬಿಡುವುದಲ್ಲ. ಅದೇ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳುವ ಹೊಸ ಕೆಲಸ. ಅದಕ್ಕೂ ಆಳು ಬೇಕು. ಅದಕ್ಕೇ ಇಲ್ಲಿ ಉಳಿತಾಯ ಅಂದುಕೊಂಡದ್ದಕ್ಕಿಂತ ಕಡಿಮೆ ಬರುತ್ತದೆ.

24ನೇ ಶಾಟ್‌ನಲ್ಲಿ ಒಗ್ಗರಣೆ, ಅದರಿಂದ ಏಳುವ ಹೊಗೆ. ಸಿಮ್ಯುಲೇಷನ್ ಮಾಡಿ, ಕ್ಯಾಮೆರಾ ಸುತ್ತಿಸಬೇಕೆಂದಿತ್ತು. ಕ್ಯಾಮೆರಾ ನಿಲ್ಲಿಸಿದೆವು. ಹೊಗೆಗೆ ಒಂದು ತೆಳು ಹಾಳೆಯ ಮೇಲೆ ಪಾರದರ್ಶಕ ಚಿತ್ರ ಹಚ್ಚಿ ಮೆಲ್ಲಗೆ ಮೇಲೇರಿಸಿದೆವು. ಕ್ಯಾಮೆರಾ ಸುತ್ತುವಂತಿದ್ದರೆ ಹಾಳೆ ಹಾಳೆಯಾಗಿಯೇ ಕಾಣುತ್ತಿತ್ತು. ಹೀಗಾಗಿ ಎರಡನ್ನೂ ಒಟ್ಟಿಗೇ ಸರಳ ಮಾಡಬೇಕು, ಒಂದನ್ನೇ ಮಾಡಿದರೆ ಆಗದು. 3 ಆಳು ಇದ್ದದ್ದು ಒಂದೂವರೆಗೆ ಬಂತು.

12ನೇ ಶಾಟ್ ಮೇಲಿನಿಂದ ಕಾಣುವ ಕಣ. ಕೆಂಪು ಹಾಸಿದ ಹಾಗೆ ಮೆಣಸಿನಕಾಯಿ. 7 ಸೆಕೆಂಡ್, ಅಂದರೆ 168 ಫ್ರೇಮ್. ಅದನ್ನು ಒಂದೇ ದೊಡ್ಡ ಚಿತ್ರವಾಗಿ ರೆಂಡರ್ ಮಾಡಿ, ಅದರ ಮೇಲೆ ಕ್ಯಾಮೆರಾ ಸರಿದಂತೆ ಮಾಡಿದೆವು. ಚಿತ್ರ 1920×1080 ಎಂದು ಅಷ್ಟೇ ಅಳತೆಗೆ ರೆಂಡರ್ ಮಾಡಿ ಹಿಗ್ಗಿಸಿದರೆ ಮಸುಕಾಗುತ್ತದೆ. ನಾವು ಒಂದೂವರೆ ಪಟ್ಟು ಹತ್ತಿರ ಹೋಗುತ್ತಿದ್ದೆವು, ಅದಕ್ಕೆ 2880×1620 ಬೇಕಾಯಿತು. ನಿಂತ ಚಿತ್ರ ಫೋಟೋದಂತೆ ಸತ್ತು ಕಾಣುತ್ತದೆ ಎಂದು, ಕಾಯಿ ಕೆದರುತ್ತ ನಡೆಯುವ ಒಬ್ಬ ಹೆಂಗಸನ್ನು ಮಾತ್ರ ಬೇರೆ ಪದರದಲ್ಲಿ ರೆಂಡರ್ ಮಾಡಿ ಮೇಲೆ ಇಟ್ಟೆವು. ಆಕೆ ಪರದೆಯ ಮೂಲೆಯಲ್ಲಿ ಬೆರಳುಗುರಿನಷ್ಟು. ಆಳಿನಲ್ಲಿ ಉಳಿದದ್ದು ಅರ್ಧವಷ್ಟೇ, ಯಂತ್ರಕ್ಕೆ ಮಾತ್ರ ಒಂದು ಇಡೀ ರಾತ್ರಿ ಬಿಡುವು ಸಿಕ್ಕಿತು.

ನಾನು ಬೇಡ ಅನ್ನುವ ಸರಳೀಕರಣವೂ ಒಂದಿದೆ. ರೆಂಡರ್ ಸ್ಯಾಂಪಲ್ ತೀರಾ ಕಡಿಮೆ ಮಾಡಿ, ಕಾಳುಕಾಳಾದದ್ದನ್ನು ಡಿನಾಯ್ಸರ್ ಮೇಲೆ ಬಿಡುವುದು. ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ಚೆನ್ನಾಗಿರುತ್ತದೆ. ಓಡಿಸಿದರೆ ನೆರಳಿನ ಜಾಗಗಳು ಕುದಿಯುವ ಹಾಗೆ ಮಿಸುಕುತ್ತವೆ, ಯಾಕೆಂದರೆ ಅದು ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಊಹಿಸಿ ಒರೆಸುತ್ತದೆ. ನಮಗೆ ಇನ್ನೂ ದೊಡ್ಡ ನಷ್ಟ ಆಗುತ್ತಿತ್ತು. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು. ಡಿನಾಯ್ಸರ್ ಆ ಸುಕ್ಕನ್ನೆಲ್ಲ ಒರೆಸಿ ನುಣುಪು ಮಾಡಿತು. ನಮ್ಮ ವ್ಯಾಪಾರಿ ಒಂದೇ ನೋಟಕ್ಕೆ, “ಇದು ನಮ್ಮ ಕಾಯಿ ಅಲ್ರೀ” ಅನ್ನುತ್ತಿದ್ದರು. ಕೈಯ ಶಾಟನ್ನು ಬ್ಲೆಂಡರ್‌ನ ಸೈಕಲ್ಸ್ ಎಂಬ ರೆಂಡರ್ ಎಂಜಿನ್ ಬಿಟ್ಟು, ಈವೀ ಎಂಬ ಇನ್ನೊಂದು ಎಂಜಿನ್‌ನಲ್ಲಿ ಮಾಡಿ ನೋಡಿದಾಗಲೂ ಹೀಗೇ ಆಯಿತು. ವೇಗ ಬಂತು, ಆದರೆ ರಾಶಿಯ ಕೆಂಪು ಬೆಳಕು ಅಂಗೈಗೆ ತಾಗುವುದು ಅಷ್ಟು ಸಹಜವಾಗಿ ಬರಲಿಲ್ಲ. ಪಕ್ಕದ ಶಾಟ್‌ನಿಂದ ಅದು ಬೇರೆಯಾಗಿಯೇ ಕಂಡಿತು. ಎಂಜಿನ್ ಬದಲಿಸುವುದಾದರೆ ಒಂದು ಜಾಗದಲ್ಲಿ ನಡೆಯುವ ಎಲ್ಲ ಶಾಟ್‌ಗಳಿಗೂ ಬದಲಿಸಿ, ನಡುವೆ ಒಂದಕ್ಕೆ ಮಾತ್ರ ಬೇಡ.

ಕೂಡಿಸಿದಾಗ

ಮಾರುಕಟ್ಟೆಯಿಂದ 9, ಲಾರಿಯಿಂದ 3, ಓಟದಿಂದ 2, ಹೊಗೆಯಿಂದ ಒಂದೂವರೆ, ಕಣದಿಂದ ಅರ್ಧ. ಒಟ್ಟು 16. 41 ಇದ್ದದ್ದು 25 ಆಯಿತು, ಕೈಯಲ್ಲಿ 27 ಇತ್ತು. ಇದರಲ್ಲಿ ಮುಕ್ಕಾಲು ಪಾಲು ಬಂದದ್ದು ಶಾಟ್ ಬಿಟ್ಟದ್ದರಿಂದ. ಸರಳ ಮಾಡಿದ್ದರಿಂದ ಬಂದದ್ದು 2. ಎಲ್ಲ ಶಾಟ್‌ಗಳನ್ನೂ ಸ್ವಲ್ಪ ಸ್ವಲ್ಪ ಸರಳ ಮಾಡಲು ಹೊರಟಿದ್ದರೆ 14 ಆಳು ಎಲ್ಲಿಂದ ಬರುತ್ತಿತ್ತು?

ರೆಂಡರ್ ಮಾಡಬೇಕಾದದ್ದು 49 ಸೆಕೆಂಡಿಗೆ ಇಳಿಯಿತು. 1176 ಫ್ರೇಮ್, ಸುಮಾರು 78 ಗಂಟೆ. 90 ಗಂಟೆಯೊಳಗೆ ಬಂತು. ಚಿತ್ರ 120 ಸೆಕೆಂಡ್ ಇದ್ದದ್ದು 108 ಆಯಿತು. ಇದನ್ನು ವ್ಯಾಪಾರಿಗೆ ಎರಡನೇ ದಿನವೇ ಹೇಳಿದೆವು, ಹೊಸ ಅನಿಮ್ಯಾಟಿಕ್ ತೋರಿಸಿಯೇ ಹೇಳಿದೆವು. ಬರೀ ಬಾಯಲ್ಲಿ 12 ಸೆಕೆಂಡ್ ಕಡಿಮೆ ಅಂದರೆ ಯಾರಿಗಾದರೂ ಕಳೆದುಕೊಂಡ ಹಾಗೆ ಕೇಳುತ್ತದೆ. ನೋಡಿದ ಮೇಲೆ ಅವರು ಕೇಳಿದ್ದು ಅಂಗಡಿಯ ಹೆಸರು ಕೊನೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮಾತ್ರ.

ರಾತ್ರಿ ರೆಂಡರ್ ಬಗ್ಗೆ ಒಂದು ಚಿಕ್ಕ ವಿಷಯ. ಸೀದಾ ವಿಡಿಯೊ ಆಗಿ ರೆಂಡರ್ ಮಾಡಬೇಡಿ. ಒಂದೊಂದು ಫ್ರೇಮನ್ನೂ ಬೇರೆ ಚಿತ್ರವಾಗಿ ಉಳಿಸಿ, Overwrite ತೆಗೆದುಹಾಕಿ. ನಡುರಾತ್ರಿ ಕರೆಂಟ್ ಹೋದರೂ ಬೆಳಿಗ್ಗೆ ಮತ್ತೆ ಶುರು ಮಾಡಿದಾಗ ಆಗಿರುವ ಫ್ರೇಮ್‌ಗಳನ್ನು ಬಿಟ್ಟು ಮುಂದಿನದರಿಂದ ನಡೆಯುತ್ತದೆ. ಕರೆಂಟ್ ಹೋದ ಹೊತ್ತಿನ ಕೊನೆಯ ಫ್ರೇಮ್ ಅರ್ಧಂಬರ್ಧ ಆಗಿರಬಹುದು. ಅದನ್ನು ಅಳಿಸಿ ಆಮೇಲೆ ಶುರು ಮಾಡಿ.

ಎತ್ತಿಟ್ಟಿದ್ದ ಕೊನೆಯ 2 ದಿನ ಉಪಯೋಗಕ್ಕೆ ಬಂದದ್ದು ಕೈಯ ಶಾಟ್‌ಗೆ. ಹತ್ತನೇ ದಿನ ಬೆಳಿಗ್ಗೆ ದೊಡ್ಡ ಪರದೆಯಲ್ಲಿ ಹಾಕಿ ನೋಡಿದಾಗ ತೊಟ್ಟು ಮುರಿಯುವ ಗಳಿಗೆಯಲ್ಲಿ ಹೆಬ್ಬೆರಳು ಕಾಯಿಯ ಒಳಗೇ ತೂರಿ ಹೋಗುತ್ತಿತ್ತು. ಲ್ಯಾಪ್‌ಟಾಪ್ ಪರದೆಯಲ್ಲಿ ಅದು ಕಂಡೇ ಇರಲಿಲ್ಲ. ಬೆರಳನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿ, 31 ಫ್ರೇಮ್‌ಗಳನ್ನು ಮಾತ್ರ ಅಳಿಸಿ ಮತ್ತೆ ರೆಂಡರ್‌ಗೆ ಬಿಟ್ಟೆವು. ಫ್ರೇಮಿಗೆ 9 ನಿಮಿಷ, ನಾಲ್ಕೂವರೆ ಗಂಟೆಗೂ ಸ್ವಲ್ಪ ಜಾಸ್ತಿ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ 20 ಫ್ರೇಮ್ ಆಗಿತ್ತು. ಸಂಜೆಗೆ ಕೈ ಸರಿಯಾಯಿತು, ರಾತ್ರಿ ಧ್ವನಿ ಕೂಡಿಸಿದೆವು.